ಕಡ್ಲೆಯ ಬೋನು: ಎರಡು ಸಲ ಶುರುವಾದ ಆರು ವಾರ

ಬೋನಿಗೆ ಮುಂಚಿನ ದಿನ

ಕಡ್ಲೆ ನಮ್ಮ ಮನೆಯ ಡ್ಯಾಶ್‌ಹಂಡ್. ಐದು ವರ್ಷ, 9.4 ಕೆಜಿ. ನಿನ್ನೆ ಸಂಜೆ ಅಮ್ಮ ಚಪಾತಿ ಬೇಯಿಸುವಾಗ ಅವನು ಅಡುಗೆಮನೆಗೆ ಬರಲಿಲ್ಲ. ಇರುವುದು ಒಂದೇ ಮೆಟ್ಟಿಲು, ನಾಲ್ಕು ಇಂಚು. ಅದರ ಕೆಳಗೆ ನಿಂತು ತಲೆ ಎತ್ತದೆ, ಕಣ್ಣು ಮಾತ್ರ ಮೇಲೆ ಮಾಡಿ ನೋಡುತ್ತಿದ್ದ. ಚಪಾತಿ ವಾಸನೆಗೆ ಓಡಿ ಬರದ ದಿನ ಇದೇ ಮೊದಲು.

ಹೊಟ್ಟೆ ಮುಟ್ಟಿದರೆ ಹಲಗೆಯಂತೆ ಗಟ್ಟಿ. ಬೆನ್ನು ಸ್ವಲ್ಪ ಗೂನು. ಮೈ ಸಣ್ಣಗೆ ನಡುಗುತ್ತಿತ್ತು. ನಾವಿಬ್ಬರೂ ಅಜೀರ್ಣ ಅಂದುಕೊಂಡೆವು. ಅಮ್ಮ ಅನ್ನ ಮೊಸರು ಕಲಸಿ ಇಟ್ಟರು, ಅದನ್ನು ಪೂರ್ತಿ ತಿಂದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಹೊಟ್ಟೆನೋವಿನ ನಾಯಿ ಹಾಗೆ ತಟ್ಟೆ ನೆಕ್ಕುತ್ತದಾ? ರಾತ್ರಿ ಎತ್ತಿಕೊಳ್ಳಲು ಹೋದಾಗ ಕುಯ್ ಅಂತ ಕಿರುಚಿದ.

ದಿನ 1

ಡಾಕ್ಟ್ರು ಬೆನ್ನಿನ ಎರಡೂ ಬದಿ ಬೆರಳಿಟ್ಟು ಭುಜದಿಂದ ಸೊಂಟದವರೆಗೆ ಮೆಲ್ಲಗೆ ಒತ್ತುತ್ತಾ ಬಂದರು. ಪಕ್ಕೆಲುಬು ಮುಗಿಯುವ ಜಾಗ ದಾಟುತ್ತಿದ್ದಂತೆ ಹೊಟ್ಟೆ ಬಿಗಿ ಹಿಡಿದ. "ಹೊಟ್ಟೆ ಅಲ್ಲ ಮೇಡಂ, ಬೆನ್ನು. ಬೆನ್ನು ನೋಯುವಾಗ ಹೊಟ್ಟೆ ಬಿಗಿ ಹಿಡಿದುಕೊಳ್ಳುತ್ತೆ, ಎಲ್ಲರೂ ಅಲ್ಲೇ ಮೋಸ ಹೋಗೋದು" ಅಂದರು.

ಆಮೇಲೆ ಹಿಂಗಾಲಿನ ಪಾದವನ್ನು ಮಡಚಿ, ಮೇಲ್ಭಾಗ ನೆಲಕ್ಕೆ ತಾಗುವ ಹಾಗೆ ಇಟ್ಟರು. ಕಡ್ಲೆ ತಟ್ಟನೆ ಸರಿಮಾಡಿಕೊಂಡ. ಪಾದ ಎಲ್ಲಿದೆ ಅನ್ನುವ ಸುದ್ದಿ ಮಿದುಳಿಗೆ ಹೋಗಿ ಬರುತ್ತಿದೆ ಅಂತ ಅರ್ಥ. ನೋವು ಮಾತ್ರ ಇದೆ, ನಡಿಗೆ ಸರಿಯಿದೆ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಬಿರಿದು ಬೆನ್ನುಹುರಿಯನ್ನು ಒತ್ತುವ ಕಾಯಿಲೆಯ ಐದು ಹಂತಗಳಲ್ಲಿ ಇದು ಮೊದಲನೆಯದು. ಎರಡರಲ್ಲಿ ನಡೆಯುತ್ತೆ, ಆದರೆ ತೂರಾಡುತ್ತೆ. ಮೂರರಲ್ಲಿ ಕಾಲು ಅಲ್ಲಾಡುತ್ತೆ, ನಿಲ್ಲಲು ಆಗಲ್ಲ. ನಾಲ್ಕರಲ್ಲಿ ಅಲ್ಲಾಡುವುದೂ ಇಲ್ಲ. ಐದರಲ್ಲಿ ಬೆರಳನ್ನು ಗಟ್ಟಿಯಾಗಿ ಚಿವುಟಿದರೂ ನೋವು ಗೊತ್ತಾಗಲ್ಲ.

ಎಕ್ಸ್‌ರೇ ಬೇಕಾ ಅಂತ ಕೇಳಿದೆ. ಎಕ್ಸ್‌ರೇಯಲ್ಲಿ ಸುಣ್ಣಗಟ್ಟಿದ ಡಿಸ್ಕ್ ಕಾಣಬಹುದು, ಬೆನ್ನುಹುರಿ ಕಾಣಲ್ಲ, ಅದಕ್ಕೆ ಎಂಆರ್‌ಐ ಬೇಕು, ಈ ಹಂತದಲ್ಲಿ ಚಿಕಿತ್ಸೆ ಏನೂ ಬದಲಾಗಲ್ಲ ಅಂದರು. ಊತ ಇಳಿಸುವ ನೋವಿನ ಮಾತ್ರೆ, ಜೊತೆಗೆ ನರದ ನೋವಿಗೆ ಗ್ಯಾಬಾಪೆಂಟಿನ್. ಚೀಟಿಯ ಕೆಳಗೆ ದೊಡ್ಡದಾಗಿ: "6 ವಾರ ಬೋನು."

ಮನೆಯಿಂದ ಏನಾದರೂ ಮಾತ್ರೆ ಕೊಟ್ಟಿದ್ದೀರಾ ಅಂತ ಎರಡು ಸಲ ಕೇಳಿದರು. ಈ ನೋವಿನ ಮಾತ್ರೆಯ ಜೊತೆ ಸ್ಟೀರಾಯ್ಡ್ ಸೇರಿದರೆ ಹೊಟ್ಟೆ, ಕರುಳಿನಲ್ಲಿ ಹುಣ್ಣಾಗಿ ತೂತೇ ಬೀಳಬಹುದಂತೆ. ನಮ್ಮ ಐಬುಪ್ರೊಫೇನ್, ಡೈಕ್ಲೊಫೆನಾಕ್ ಅಂತೂ ನಾಯಿಗೆ ವಿಷವೇ. ಹಿಂದಿನ ರಾತ್ರಿ ಅಮ್ಮ ತಮ್ಮ ಮಂಡಿನೋವಿನ ಮಾತ್ರೆ ಅರ್ಧ ಮುರಿದು ಕೈಯಲ್ಲಿ ಹಿಡಿದಿದ್ದರು. ನಾನು ತಡೆದಿದ್ದು ಜ್ಞಾನದಿಂದಲ್ಲ, ನಿದ್ದೆಗಣ್ಣಿನ ಸಿಡುಕಿನಿಂದ.

ದಿನ 2: ಬೋನು

ಮೊದಲು 42 ಇಂಚಿನ ಬೋನು ನೋಡಿದೆ, ಪಾಪ ಆರಾಮಾಗಿರಲಿ ಅಂತ. ಆ ಆರಾಮವೇ ತಪ್ಪು. ನಾಲ್ಕು ಹೆಜ್ಜೆ ಓಡುವ ಜಾಗ ಇದ್ದರೆ ಬೆಲ್ ಆದಾಗ ಓಡಿಯೇ ಓಡುತ್ತಾನೆ. ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅಷ್ಟೇ ಜಾಗ. ಮೂಗಿನಿಂದ ಬಾಲದ ಬುಡದವರೆಗೆ ಟೇಪ್ ಹಿಡಿದರೆ 24 ಇಂಚು ಬಂತು. 30 ಇಂಚಿನ ತಂತಿ ಬೋನು ತಂದೆ. ಮೇಲೆ ಮುಚ್ಚಳ ಇರಲೇಬೇಕು. ತೆರೆದ ಬೇಲಿಯಾದರೆ ಮುಂಗಾಲು ಮೇಲಿಟ್ಟು ನಿಲ್ಲುತ್ತಾನೆ, ಬೆನ್ನಿಗೆ ಅದಕ್ಕಿಂತ ಕೆಟ್ಟದ್ದಿಲ್ಲ.

ತಳಕ್ಕೆ ಯೋಗ ಮ್ಯಾಟ್ ಕತ್ತರಿಸಿ ಹಾಕಿದೆ, ಮೇಲೆ ನಾಲ್ಕು ಪದರ ಹಳೇ ಕಾಟನ್ ಸೀರೆ. ದಪ್ಪ ಸ್ಪಂಜು ಒಂದು ಗಂಟೆ ಇಟ್ಟು ತೆಗೆದೆ. ಅದರ ಮೇಲೆ ತಿರುಗುವಾಗ ಸೊಂಟ ಓಲಾಡುತ್ತಿತ್ತು. ಬೋನನ್ನು ಹಾಲಿನ ಮೂಲೆಯಲ್ಲಿಟ್ಟೆ, ನಮ್ಮ ಮುಖ ಕಾಣಬೇಕು, ಬಾಗಿಲು ಕಾಣಬಾರದು.

ದಿನ 4: ಓದಿದ್ದು

ಉದ್ದ ಬೆನ್ನು ಅಂದಮೇಲೆ ನಡುವೆ ಜಗ್ಗುತ್ತೆ, ಸೇತುವೆ ಹಾಗೆ ಅಂತ ನಾನು ತಿಳಿದಿದ್ದೆ. ಉದ್ದ ಅಷ್ಟೊಂದು ಕಾರಣವಲ್ಲ. ಮೂಲ ಇರುವುದು ಜೀನ್‌ನಲ್ಲಿ. 2017ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ನಾಯಿಯ 12ನೇ ಕ್ರೋಮೊಸೋಮಿನಲ್ಲಿ ಎಫ್‌ಜಿಎಫ್4 ಅನ್ನುವ ಜೀನ್‌ನ ಹೆಚ್ಚುವರಿ ಪ್ರತಿ ಪತ್ತೆಹಚ್ಚಿದರು. ಕಾಲು ಗಿಡ್ಡವಾಗುವುದಕ್ಕೂ, ಡಿಸ್ಕ್ ಬೇಗ ಮುದಿಯಾಗುವುದಕ್ಕೂ ಅದು ಕಾರಣ. ಉದ್ದ ಬೆನ್ನಿಲ್ಲದ ಬೀಗಲ್‌ಗೂ ಫ್ರೆಂಚ್ ಬುಲ್‌ಡಾಗ್‌ಗೂ ಇದೇ ಕಾಯಿಲೆ ಬರುವುದು ಅದಕ್ಕೇ.

ಡಿಸ್ಕ್ ಅಂದರೆ ಹೋಳಿಗೆ ಅಂತ ಅಮ್ಮನಿಗೆ ಹೇಳಿದೆ. ಹೊರಗೆ ನಾರಿನ ಕಣಕ, ಒಳಗೆ ಹೂರಣ. ಬೇರೆ ನಾಯಿಗಳಲ್ಲಿ ಆ ಹೂರಣ ತಾಟಿನಿಂಗಿನ ತಿರುಳಿನಂತೆ ಮೆತ್ತಗೆ ಇದ್ದು, ಕುಲುಕಾಟವನ್ನು ಹೀರಿಕೊಳ್ಳುತ್ತದೆ. ಡ್ಯಾಶ್‌ಹಂಡ್‌ನಲ್ಲಿ ಮರಿಯಾಗಿದ್ದಾಗಲೇ ಒಣಗಲು ಶುರು, ಆಮೇಲೆ ಸುಣ್ಣಗಟ್ಟುತ್ತದೆ. ಗಟ್ಟಿ ಹೂರಣ ಒತ್ತುತ್ತಾ ಒತ್ತುತ್ತಾ ಕಣಕ ಬಿರುಕು ಬಿಡುತ್ತದೆ. ಕಣಕ ತೆಳ್ಳಗಿರುವುದು ಮೇಲ್ಭಾಗದಲ್ಲಿ, ಅದರ ಮೇಲೆಯೇ ಬೆನ್ನುಹುರಿ ಹಾದುಹೋಗುವುದು. ಎಂಥ ಕೆಟ್ಟ ಜೋಡಣೆ ನೋಡಿ.

ಪಕ್ಕೆಲುಬು ಮುಗಿಯುವಲ್ಲೇ ಯಾಕೆ? ಎದೆಯ ಭಾಗದಲ್ಲಿ ಎಡ, ಬಲ ಪಕ್ಕೆಲುಬುಗಳನ್ನು ಜೋಡಿಸುವ ಒಂದು ನಾರು ಡಿಸ್ಕಿನ ಮೇಲೆ ಪಟ್ಟಿ ಹಾಕಿದ ಹಾಗೆ ಕೂತಿರುತ್ತದೆ. ಕೊನೆಯ ಪಕ್ಕೆಲುಬುಗಳಿಗೆ ಆ ಪಟ್ಟಿ ಇಲ್ಲ. ಬಿಗಿಯಾದ ಎದೆಗೂಡು ಮುಗಿದು ಬಳುಕುವ ಸೊಂಟ ಶುರುವಾಗುವುದೂ ಅಲ್ಲೇ.

ಇಷ್ಟು ಗೊತ್ತಾದ ಮೇಲೆ ಬೋನು ಯಾಕೆ ಅನ್ನುವುದು ತಾನಾಗಿ ಅರ್ಥವಾಯಿತು. ಮಾತ್ರೆ ಊತ ಇಳಿಸುತ್ತದೆ, ಹರಿದ ನಾರನ್ನು ಹೊಲಿಯುವುದಿಲ್ಲ. ಆ ನಾರಿಗೆ ರಕ್ತದ ಓಡಾಟ ತೀರ ಕಡಿಮೆ, ಗಾಯ ಮುಚ್ಚಲು ವಾರಗಳು ಬೇಕು. ಒಂದು ನೆಗೆತ ಸಾಕು, ಬಿರುಕು ಮತ್ತೆ ಬಾಯಿ ಬಿಡುತ್ತದೆ. ಕನಿಷ್ಠ 4 ವಾರ ಅನ್ನುವುದು ತಜ್ಞರ ಮಾತು, ನಮ್ಮ ಡಾಕ್ಟ್ರು 6 ಅಂದಿದ್ದಾರೆ.

ದಿನ 7

ಕಡ್ಲೆಗೆ ಏನೂ ಆಗೇ ಇಲ್ಲ ಅನ್ನುವ ಹಾಗಿದ್ದಾನೆ. ಬಾಲ ಬೋನಿನ ತಂತಿಗೆ ಬಡಿದು ಟಣ್ ಟಣ್ ಅನ್ನುತ್ತದೆ. ಅಮ್ಮನ ಮನಸ್ಸು ಕರಗುತ್ತಿದೆ. "ಸರಿಹೋಗಿದ್ದಾನೆ ಕಣೇ, ಐದು ನಿಮಿಷ ಬಿಡೇ, ಜೈಲಲ್ಲಿಟ್ಟ ಹಾಗಿದೆ."

ದಿನ 9

ನಾನು ಆಫೀಸಿನಲ್ಲಿದ್ದೆ. ಅಮ್ಮ ಬಿಟ್ಟರು. ಕಾಂಪೌಂಡ್ ಮೇಲೆ ಬೆಕ್ಕು ಬಂತು. ಕಡ್ಲೆ ದಿವಾನದ ಮೇಲೆ ಹಾರಿ, ಕಿಟಕಿಗೆ ಬೊಗಳಿ, ಕೆಳಕ್ಕೆ ಧುಮುಕಿದ. ಅಮ್ಮ ಸಂಜೆ ತಾವಾಗಿಯೇ ಹೇಳಿದರು. ಆಗ ಅವನು ಚೆನ್ನಾಗಿಯೇ ಇದ್ದ.

ಮತ್ತೆ ದಿನ 1

ಬೆಳಿಗ್ಗೆ ಉಚ್ಚೆಗೆ ಅಂಗಳಕ್ಕೆ ಇಳಿಸಿದೆ. ಸಿಮೆಂಟಿನ ಮೇಲೆ ಸರ್ ಸರ್ ಅಂತ ಸದ್ದು. ಹಿಂಗಾಲಿನ ಉಗುರು ಉಜ್ಜುತ್ತಿತ್ತು. ಎಡಪಾದ ಮಡಚಿಕೊಂಡೇ ನಿಂತಿದ್ದ, ಅದು ಅವನಿಗೆ ಗೊತ್ತೇ ಆಗಿರಲಿಲ್ಲ. ತಿರುಗುವಾಗ ಹಿಂಗಾಲು ಒಂದಕ್ಕೊಂದು ಅಡ್ಡ ಬಂದು ಸೊಂಟ ಪಕ್ಕಕ್ಕೆ ವಾಲಿತು. ಎರಡನೇ ಹಂತ.

ಡಾಕ್ಟ್ರ ಮೊದಲ ಪ್ರಶ್ನೆ ಕಾಲಿನದಲ್ಲ: "ಉಚ್ಚೆ ತಾನಾಗೇ ಮಾಡಿದನಾ?" ಮಾಡಿದ್ದ. ಮಾಡದೆ ಹೊಟ್ಟೆ ಊದಿದ್ದರೆ, ಅಥವಾ ತೊಟ್ಟು ತೊಟ್ಟು ಸೋರುತ್ತಿದ್ದರೆ ಬೆನ್ನುಹುರಿಯ ಮೇಲೆ ಒತ್ತಡ ಜಾಸ್ತಿ ಅಂತ. ಆಮೇಲೆ ಬೆರಳು ಚಿವುಟಿದರು. ಕಾಲು ಎಳೆದುಕೊಂಡ. ನನಗೆ ಸಮಾಧಾನವಾಯಿತು, ಅವರಿಗೆ ಆಗಲಿಲ್ಲ. ಕಾಲು ಎಳೆದುಕೊಳ್ಳುವುದು ಬೆನ್ನುಹುರಿಯೊಳಗೇ ಮುಗಿದುಹೋಗುವ ಕೆಲಸ, ಮಿದುಳಿಗೆ ಸುದ್ದಿ ಹೋಗದಿದ್ದರೂ ಕಾಲು ಎಳೆಯುತ್ತದೆ. ನೋಡಬೇಕಾದ್ದು ಮುಖ. ಕಡ್ಲೆ ತಿರುಗಿ ಅವರ ಕೈ ಕಚ್ಚಲು ಹೋದ. "ಇದು ಬೇಕಾಗಿತ್ತು" ಅಂದರು.

ಮನೆಯಲ್ಲಿ ನೋಡಿಕೊಳ್ಳಿ, ಆದರೆ ನಿಲ್ಲಲು ಆಗದಿದ್ದರೆ ರಾತ್ರಿ ಎರಡಾದರೂ ಫೋನ್ ಮಾಡಿ, ಬೆಳಿಗ್ಗೆವರೆಗೆ ಕಾಯಬೇಡಿ ಅಂದರು. ನೋವೇ ತಿಳಿಯದ ಹಂತ ತಲುಪಿದರೆ ಆಪರೇಷನ್ ಮಾಡಿದರೂ ಮತ್ತೆ ನಡೆಯುವುದು ಹೆಚ್ಚುಕಡಿಮೆ ಅರ್ಧದಷ್ಟು ನಾಯಿಗಳು ಮಾತ್ರ.

ಅಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಊಟ ಮಾಡಲಿಲ್ಲ. ನಾನು ಏನೂ ಅನ್ನಲಿಲ್ಲ. ಏಳನೇ ದಿನ ನನಗೂ ಬಿಡಬೇಕು ಅನ್ನಿಸಿತ್ತಲ್ಲ.

ದಿನ 5

ಈಗ ಕಟ್ಟುನಿಟ್ಟು. ದಿನಕ್ಕೆ ನಾಲ್ಕು ಸಲ ಹೊರಗೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ತೊಡೆಯ ಹಿಂದೆ, ಬೆನ್ನು ತಟ್ಟೆ ಹಿಡಿದಂತೆ ಸಮ. ಕಂಕುಳಿಗೆ ಕೈ ಹಾಕಿ ಮಗುವಿನ ಹಾಗೆ ಎತ್ತಿದರೆ ಇಡೀ ಭಾರ ಸೊಂಟದಿಂದ ಜೋತುಬೀಳುತ್ತದೆ. ಕತ್ತಿನ ಪಟ್ಟಿ ತೆಗೆದು ಎದೆಗೆ ಹಾಕುವ ಹಾರ್ನೆಸ್ ಹಾಕಿದೆ. ಹೊಟ್ಟೆಯ ಕೆಳಗೆ ನನ್ನ ಹಳೇ ದುಪಟ್ಟಾ ಜೋಲಿಯಂತೆ. ಒಂದೇ ಜಾಗ, ಎರಡು ನಿಮಿಷ, ವಾಪಸ್. ಬೋನಿನಿಂದ ಬಾಗಿಲವರೆಗಿನ ಟೈಲ್ಸ್ ಮೇಲೆ ಅಮ್ಮನ ಮದುವೆಯ ಜಮಖಾನ ಹಾಸಿದೆ, ಅಪ್ಪಿತಪ್ಪಿ ಕೈಯಿಂದ ಜಾರಿದರೂ ಕಾಲು ಜಾರಬಾರದು.

ಪ್ರತಿ ಬೆಳಿಗ್ಗೆ ಜಮಖಾನದ ಮೇಲೆ ನಾಲ್ಕೇ ಹೆಜ್ಜೆ, ಹಿಂದಿನಿಂದ ವಿಡಿಯೊ. ನನ್ನ ಕಣ್ಣಿಗೆ ದಿನವೂ ಒಂದೇ ಥರ ಕಾಣುತ್ತದೆ. ಮೂರು ದಿನದ ಹಿಂದಿನದನ್ನು ಪಕ್ಕಕ್ಕಿಟ್ಟು ನೋಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುವುದು.

ದಿನ 12

ಎಡಪಾದ ಮಡಚಿಟ್ಟರೆ ಎರಡು ಸೆಕೆಂಡಿಗೆ ಸರಿಮಾಡಿಕೊಳ್ಳುತ್ತಾನೆ. ಎರಡನೇ ಸಲದ ಮೊದಲ ದಿನ ಮಾಡಿಕೊಳ್ಳುತ್ತಲೇ ಇರಲಿಲ್ಲ. ಎಡಗಾಲಿನ ನಡುವಿನ ಎರಡು ಉಗುರು ಸಿಮೆಂಟಿಗೆ ಉಜ್ಜಿ ಓರೆಯಾಗಿ ಸವೆದಿವೆ, ಪಕ್ಕದವು ಚೂಪಾಗಿಯೇ ಇವೆ. ಈಗ ಹಿಂತಿರುಗಿ ನೋಡಿದರೆ ಬಲಗಾಲಿನದೂ ಸ್ವಲ್ಪ ಸವೆದಿದೆ, ಅದನ್ನು ನಾನು ಗಮನಿಸಿರಲೇ ಇಲ್ಲ.

ದಿನ 17

ಡಾಕ್ಟ್ರು ಹೇಳಿದಂತೆ ಮಾತ್ರೆ ಮೆಲ್ಲಗೆ ಇಳಿಸಿ ನಿಲ್ಲಿಸಿ ಮೂರು ದಿನ ಆಯಿತು. ನಡುಕ ಇಲ್ಲ, ಹೊಟ್ಟೆ ಮೆತ್ತಗಿದೆ. ಮಾತ್ರೆ ಇರುವಾಗ ನೋವಿಲ್ಲ ಅನ್ನುವ ಲೆಕ್ಕ ಲೆಕ್ಕವೇ ಅಲ್ಲ, ಇದು ನಿಜವಾದದ್ದು. ಬೋನು ಮಾತ್ರ ಒಂದು ದಿನವೂ ಕಡಿಮೆ ಇಲ್ಲ. ಬೇಜಾರಿಗೆ ರಾಗಿ ಮುದ್ದೆಯ ಚೂರನ್ನು ರಬ್ಬರ್ ಆಟಿಕೆಯೊಳಗೆ ತುರುಕಿ ಕೊಡುತ್ತೇನೆ, ಮಲಗಿಕೊಂಡೇ ಅರ್ಧ ಗಂಟೆ ನೆಕ್ಕುತ್ತಾನೆ. ದಿನದ ಊಟದಲ್ಲಿ ಐದನೇ ಒಂದು ಭಾಗ ಕಡಿಮೆ ಮಾಡಿದ್ದೇನೆ.

ದಿನ 30

ಬರೆಯುವಂಥದ್ದು ಏನೂ ಇಲ್ಲ. ಮಲಗಿದ, ತಿಂದ, ಬೊಗಳಿದ.

ದಿನ 42

ತೂಕ 8.8 ಕೆಜಿ. ಎರಡೂ ಪಾದ ತಟ್ಟನೆ ತಿರುಗುತ್ತವೆ. ತಿರುವಿನಲ್ಲಿ ಎಡಸೊಂಟ ಸ್ವಲ್ಪ ತೂಗುತ್ತದೆ, ಅದು ಹಾಗೇ ಉಳಿಯಬಹುದು ಅಂದರು ಡಾಕ್ಟ್ರು. ಬೋನಿನಿಂದ ಬಿಟ್ಟರೂ ಪೂರ್ತಿ ಸ್ವಾತಂತ್ರ್ಯ ಇಲ್ಲ. ಹಗ್ಗ ಹಿಡಿದು ದಿನಕ್ಕೆರಡು ಸಲ ಐದೈದು ನಿಮಿಷ, ವಾರಕ್ಕೆ ಐದು ನಿಮಿಷ ಜಾಸ್ತಿ. ಸೋಫಾ, ಮೆಟ್ಟಿಲು ಇನ್ನು ಯಾವತ್ತೂ ಇಲ್ಲ. ಬೇರೆ ಡಿಸ್ಕ್‌ಗಳೂ ಅದೇ ಹಿಟ್ಟು, ಅದೇ ಹೂರಣ.

ಅಮ್ಮ ಬಡಗಿಯನ್ನು ಕರೆಸಿ ದಿವಾನದ ಕಾಲು ಕೊಯ್ಯಿಸಿದ್ದಾರೆ. ಈಗ ಅದು ನೆಲದಿಂದ ಐದು ಇಂಚು, ಕೂತರೆ ಅವರ ಮಂಡಿ ಎದ್ದೇಳಲು ಬಿಡುವುದಿಲ್ಲ. ಕೊಯ್ದ ಮರದಲ್ಲಿ ಅಡುಗೆಮನೆಯ ಮೆಟ್ಟಿಲಿಗೆ ಇಳಿಜಾರು ಹಲಗೆ ಆಗಿದೆ, ಮೇಲೆ ಯೋಗ ಮ್ಯಾಟಿನ ಉಳಿದ ತುಂಡು ಅಂಟಿಸಿದೆ. ಸಂಜೆ ಚಪಾತಿ ಹೊತ್ತಿಗೆ ಹಗ್ಗ ಹಿಡಿದು ಕರೆದುಕೊಂಡು ಹೋದೆ. ಹಲಗೆಗೆ ಮುಂಚಿನ ಎರಡು ಅಡಿ ಬರೀ ನೆಲ. ಅಮ್ಮ ಲಟ್ಟಣಿಗೆ ನಿಲ್ಲಿಸಿದರು, ಇಬ್ಬರೂ ಕಿವಿಗೊಟ್ಟೆವು. ಟಕ್ ಟಕ್ ಟಕ್ ಅಂತ ಉಗುರಿನ ಸದ್ದು. ಸರ್ ಅನ್ನಲಿಲ್ಲ.