ಬಾವನಿಗೆ ಪರ್ಸನಲ್ ಆಗಿ ಹೇಳಬಹುದಿತ್ತಲ್ಲ?

"ಅಲ್ಲ ಮಾರಾಯ್ತಿ, ಒಂದು ಫೋಟೋಕ್ಕೆ ಫ್ಯಾಮಿಲಿ ಗ್ರೂಪಲ್ಲಿ ಎಲ್ಲರ ಎದುರು ಹಾಗೆ ಬರೆಯುವುದಾ? ಬಾವನಿಗೆ ಪರ್ಸನಲ್ ಆಗಿ ಹೇಳಬಹುದಿತ್ತಲ್ಲ?"

ಹೇಳಿದ್ದೆ. ಮೊದಲು ಪರ್ಸನಲ್ ಆಗಿಯೇ ಹೇಳಿದ್ದೆ. ಈ ಮಾತನ್ನು ಎರಡು ಮದುವೆ, ಒಂದು ಸೀಮಂತ, ಒಂದು ತಿಥಿಯೂಟದ ಪಂಕ್ತಿಯಲ್ಲಿ ಸಾರು ಬಡಿಸುವ ಹೊತ್ತಿಗೆ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ. ಓದಲು ಪುರುಸೊತ್ತಿಲ್ಲದವರು ಕೇಳಲೂ ಬೇಡಿ.

ಬೆಳಿಗ್ಗೆ ಏಳೂವರೆಗೆ ಬಾವ ಗ್ರೂಪಿಗೆ ಒಂದು ಫೋಟೋ ಹಾಕಿದರು. ಬಸ್ಸಿನ ಬಾಗಿಲ ಹತ್ತಿರ ಇಬ್ಬರು ಹೆಂಗಸರು ಮತ್ತೊಬ್ಬಳ ಕೈ ಹಿಡಿದುಕೊಂಡಿದ್ದಾರೆ. ಕೆಳಗೆ ಬರಹ: "ಮಂಗಳೂರು ಸ್ಟೇಟ್‌ಬ್ಯಾಂಕ್ ಬಸ್ಸಲ್ಲಿ ಸರ ಎಳೆಯುವ ಕಳ್ಳಿ, ಎಲ್ಲರೂ ಜಾಗ್ರತೆ, ಆದಷ್ಟು ಶೇರ್ ಮಾಡಿ." ಸಿಕ್ಕಿಬಿದ್ದವಳ ಮುಖ ನಮ್ಮ ಪಕ್ಕದ ಮನೆಯ ಅಕ್ಕನದು. ನಗುತ್ತಿದ್ದಾರೆ. ಹಲ್ಲು ಕಾಣುವಷ್ಟು ನಗು. ಸರ ಎಳೆದು ಸಿಕ್ಕಿಬಿದ್ದವಳು ಯಾಕೆ ಹಾಗೆ ನಗುತ್ತಾಳೆ ಎಂದು ನಲವತ್ತಮೂರು ಮಂದಿಯಲ್ಲಿ ಒಬ್ಬರಿಗೂ ಅನಿಸಲಿಲ್ಲ. ಚಿಕ್ಕಮ್ಮ ಬರೆದದ್ದು: "ದೇವರೇ, ನಮ್ಮ ಮನೆಗೆ ಎಷ್ಟು ಸಲ ಬಂದು ಹೋಗಿದ್ದಾಳೆ."

ನಾನು ಹನ್ನೊಂದು ವರ್ಷದಿಂದ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಕೆಲಸ ಮಾಡುವವಳು. ಮುಖ ಕತ್ತರಿಸಿ ಅಂಟಿಸುವುದೇ ನನ್ನ ಅನ್ನ. ಬ್ರಹ್ಮಕಲಶದ ಬ್ಯಾನರಿನಲ್ಲಿ ಹತ್ತು ಸಮಿತಿಯವರಿಗೆ ಒಂದೇ ಶಾಲು ಹೊದೆಸಿದ್ದೇನೆ. ಕೋಟು ಹಾಕಿಯೇ ಗೊತ್ತಿಲ್ಲದ ಅಜ್ಜಂದಿರಿಗೆ ಶ್ರದ್ಧಾಂಜಲಿಯಲ್ಲಿ ಕೋಟು ತೊಡಿಸಿದ್ದೇನೆ. ಹಾಗಾಗಿ ಮೊದಲು ನೋಡುವುದು ಕುತ್ತಿಗೆ. ಇಲ್ಲಿ ದೇಹದ ಮೇಲೆ ಮಧ್ಯಾಹ್ನದ ನೆತ್ತಿ ಬಿಸಿಲು ಇತ್ತು, ಕೈ ಹಿಡಿದ ಇಬ್ಬರಿಗೂ ಗಲ್ಲದ ಕೆಳಗೆ ಕಪ್ಪು ನೆರಳು. ಅಕ್ಕನ ಗಲ್ಲದ ಕೆಳಗೆ ನೆರಳೇ ಇಲ್ಲ, ಬೆಳಕು ಪಕ್ಕದಿಂದ ಬಿದ್ದಿದೆ. ಬಲಗಿವಿಯ ಮೇಲೆ ಒಂದು ಬಿಳಿ ಚುಕ್ಕೆ. ಹಿಗ್ಗಿಸಿ ನೋಡಿದರೆ ಮಲ್ಲಿಗೆ ಮೊಗ್ಗು. ಕತ್ತರಿಸಿದವರಿಗೆ ಅಟ್ಟೆ ಮಲ್ಲಿಗೆಯನ್ನು ಪೂರ್ತಿ ತೆಗೆಯುವ ತಾಳ್ಮೆ ಇರಲಿಲ್ಲ.

ಮತ್ತೆ ಮೂಗುತಿ. ಅಕ್ಕನಿಗೆ ಎಡಕ್ಕೆ, ಫೋಟೋದಲ್ಲಿ ಬಲಕ್ಕೆ. ಇದು ನಮ್ಮ ಕೆಲಸದವರ ಹಳೆಯ ಉಪಾಯ: ಬೆಳಕಿನ ದಿಕ್ಕು ಕೂಡದಿದ್ದರೆ ಮುಖವನ್ನು ಕನ್ನಡಿಯ ಹಾಗೆ ತಿರುಗಿಸುವುದು. ಆದರೆ ಸೆಲ್ಫಿಯಲ್ಲೂ ಎಡಬಲ ಅದಲುಬದಲಾಗುತ್ತದೆ, ಮೂಗುತಿಯೊಂದನ್ನೇ ಹಿಡಿದು ತೀರ್ಪು ಕೊಡಬೇಡಿ. ಹೇಳಬೇಕಾದ್ದು ಇನ್ನೊಂದು ಉಂಟು. ವಾಟ್ಸಾಪ್ ಫೋಟೋವನ್ನು ಹಿಂಡಿ ಸಣ್ಣದು ಮಾಡುವಾಗ ಅಂಟಿಸಿದ ಅಂಚೂ ಕರಗಿಹೋಗುತ್ತದೆ. ಈಗಿನ ಆ್ಯಪ್‌ಗಳು ಚರ್ಮದ ಬಣ್ಣವನ್ನೂ ನೆರಳನ್ನೂ ತಾವೇ ಸರಿಮಾಡುತ್ತವೆ. ಇದು ಕೈಯಲ್ಲಿ, ಅದೂ ಅವಸರದಲ್ಲಿ ಮಾಡಿದ ಕೆಲಸ, ಹಾಗಾಗಿ ಕಂಡಿತು. ಚೆಂದ ಮಾಡಿದ್ದರೆ ನನಗೂ ಕಾಣುತ್ತಿರಲಿಲ್ಲ. ಕುರುಹು ಕಾಣಲಿಲ್ಲ ಎಂದರೆ ಫೋಟೋ ಸತ್ಯ ಎಂದು ಅರ್ಥವಲ್ಲ.

ಗಟ್ಟಿ ಸಾಕ್ಷಿ ಬೇಕಿದ್ದರೆ ಎರಡು ಮೂಲ ಫೋಟೋ ಸಿಗಬೇಕು, ದೇಹದ್ದು ಒಂದು, ಮುಖದ್ದು ಒಂದು. ದೇಹದ್ದಕ್ಕೆ ಗೂಗಲ್ ಲೆನ್ಸ್. ಇಡೀ ಫೋಟೋ ಕೊಟ್ಟು ಹುಡುಕಿದಾಗ ಏನೇನೋ ಬಂತು. ಮುಖವನ್ನು ಬಿಟ್ಟು ಬಸ್ಸಿನ ಬಾಗಿಲು ಮತ್ತು ಆ ಇಬ್ಬರು ಹೆಂಗಸರಷ್ಟೇ ಇರುವ ಹಾಗೆ ಕತ್ತರಿಸಿ ಕೊಟ್ಟೆ. ಎರಡನೇ ಸಾಲಿನಲ್ಲೇ ಸಿಕ್ಕಿತು: ಬೇರೆ ರಾಜ್ಯದ ವರ್ಷಗಳ ಹಿಂದಿನ ಸುದ್ದಿ, ಅದೇ ಸೀರೆ, ಅದೇ ಕೈಗಳು, ಮುಖ ಬೇರೆ. ಬಸ್ಸಿನ ನಂಬರ್ ಪ್ಲೇಟೂ ಇತ್ತು, ಕೆಎ 19 ಅಲ್ಲ, ಕೆಎಯೇ ಅಲ್ಲ. ನಮಗೆ ಬಂದದ್ದರಲ್ಲಿ ಆ ಭಾಗವನ್ನು ಕತ್ತರಿಸಿದ್ದರು.

ಮುಖದ ಮೂಲ ಹುಡುಕಲು ನಾನು ಎಲ್ಲಿಗೂ ಹೋಗಬೇಕಾಗಲಿಲ್ಲ. ಅದು ನನ್ನ ಫೋನಿನಲ್ಲೇ ಇತ್ತು. ಅಕ್ಕನ ಮಗಳ ಮದರಂಗಿಯ ದಿನ ನಾನೇ ತೆಗೆದದ್ದು, ನಾನೇ ಇದೇ ಗ್ರೂಪಿಗೆ ಹಾಕಿದ್ದು, ಆಮೇಲೆ ಸ್ಟೇಟಸ್‌ಗೂ ಹಾಕಿದ್ದು. ಫೋಟೋಶಾಪಿನಲ್ಲಿ ಅದನ್ನು ತಿರುಗಿಸಿ, ಅರ್ಧ ಪಾರದರ್ಶಕ ಮಾಡಿ, ಕಣ್ಣಿಗೆ ಕಣ್ಣು ಕೂಡುವ ಹಾಗೆ ಮೇಲಿಟ್ಟೆ. ಹಲ್ಲಿನ ಸಾಲು, ಹಣೆಗೆ ಬಿದ್ದ ಒಂದು ಕೂದಲಿನ ಎಳೆ, ಎಲ್ಲವೂ ಒಂದರ ಮೇಲೊಂದು ಕೂತವು. ಬೇರೆ ಬೇರೆ ದಿನ ತೆಗೆದ ಎರಡು ಫೋಟೋಗಳಲ್ಲಿ ಕೂದಲಿನ ಎಳೆ ಹಾಗೆ ಕೂಡುವುದಿಲ್ಲ.

ಆಗ ಬಾವನಿಗೆ ಫೋನ್ ಮಾಡಿದೆ, ಪರ್ಸನಲ್ ಆಗಿ. "ಓ ಹೌದಾ, ತೆಗೀತೇನೆ ತೆಗೀತೇನೆ" ಎಂದರು. ತೆಗೆದರು ಕೂಡ. ಆದರೆ ಒತ್ತಿದ್ದು Delete for me. ಅವರ ಫೋನಿನಿಂದ ಮಾತ್ರ ಹೋಯಿತು, ಉಳಿದ ನಲವತ್ತೆರಡು ಫೋನಿನಲ್ಲಿ ಹಾಗೆಯೇ ಉಂಟು. ಹಾಗೆ ಒತ್ತಿದ ಮೇಲೆ ಕೆಲವು ಸೆಕೆಂಡಿನೊಳಗೆ Undo ಒತ್ತದಿದ್ದರೆ ಮುಗಿಯಿತು, ಕಳಿಸಿದವರಿಗೇ ಅದು ಕಾಣುವುದಿಲ್ಲ, ಎಲ್ಲರಿಂದ ತೆಗೆಯುವ ದಾರಿಯೂ ಅವರಿಗಿಲ್ಲ. ಇನ್ನು ಆಗುವುದು ಗ್ರೂಪ್ ಅಡ್ಮಿನ್‌ನಿಂದ. ಅಡ್ಮಿನ್ ಮುಂಬಯಿಯ ದೊಡ್ಡಪ್ಪ. ತಾನು ಅಡ್ಮಿನ್ ಎಂದು ಅವರಿಗೆ ಆ ದಿನವೇ ಗೊತ್ತಾದದ್ದು. "ಫೋಟೋದ ಮೇಲೆ ಬೆರಳು ಒತ್ತಿ ಹಿಡಿಯಿರಿ, ಬಿಡಬೇಡಿ, ಮೇಲೆ ಡಬ್ಬಿಯ ಚಿತ್ರ ಬರ್ತದೆ" ಎಂದು ಇಪ್ಪತ್ತು ನಿಮಿಷ ಹೇಳಿಕೊಟ್ಟೆ. ಕೊನೆಗೆ ಹೋಯಿತು. ಅದಕ್ಕೆ ಮೊದಲು ಕಳಿಸಿದವರ ಹೆಸರು, ಸಮಯ, Forwarded ಎಂಬ ಗುರುತು ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ. ಅಕ್ಕ ನಾಳೆ ದೂರು ಕೊಡುವುದಾದರೆ ಅವರ ಕೈಯಲ್ಲಿ ಏನಾದರೂ ಇರಬೇಕಲ್ಲ.

ಆದರೆ ಆ ನಾಲ್ಕು ಗಂಟೆಯಲ್ಲಿ ನೋಡಿದವರು ನೋಡಿದ್ದರು, ಕಳಿಸಿದವರು ಕಳಿಸಿದ್ದರು. ಗ್ರೂಪಿನಲ್ಲಿ ಅಳಿಸಿದರೆ ಅಲ್ಲಿಂದ ಮುಂದಕ್ಕೆ ಹೋದ ಪ್ರತಿಗಳು ಅಳಿಯುವುದಿಲ್ಲ, ಅವೆಲ್ಲ ಬೇರೆಬೇರೆ ಮೆಸೇಜುಗಳು. ಚಿಕ್ಕಮ್ಮನ ತಲೆಯಲ್ಲಿ ಕೂತದ್ದೂ ಅಳಿಯುವುದಿಲ್ಲ. "ಅಡ್ಮಿನ್ ಡಿಲೀಟ್ ಮಾಡಿದ್ದಾರೆ" ಎಂಬ ಸಾಲು ನೋಡಿ ಅವರು ತಿಳಿದುಕೊಂಡದ್ದು, ನೆರೆಕರೆಯ ಮರ್ಯಾದೆಗೆ ಮುಚ್ಚಿಹಾಕಿದ್ದಾರೆ ಎಂದು! ಹಾಗಾಗಿ ಗ್ರೂಪಲ್ಲಿ ಬರೆದೆ. ನಲವತ್ತಮೂರು ಮಂದಿಗೆ ಹೇಳಿದ ಸುಳ್ಳನ್ನು ಒಬ್ಬರ ಕಿವಿಯಲ್ಲಿ ತಿದ್ದಲಿಕ್ಕೆ ಬರುವುದಿಲ್ಲ.

ಹಾಗೆ ಬರೆದೆ, ಹಾಗೆ ಬರೆದೆ ಎನ್ನುತ್ತೀರಲ್ಲ, ಬರೆದದ್ದು ಇಷ್ಟೇ:

"ಬೆಳಿಗ್ಗೆ ಬಂದ ಬಸ್ಸಿನ ಫೋಟೋದಲ್ಲಿ ಇರುವುದು ನಮ್ಮ ಪಕ್ಕದ ಮನೆಯ ಅಕ್ಕ ಅಲ್ಲ. ಬೇರೆ ರಾಜ್ಯದ ಹಳೆಯ ಫೋಟೋಕ್ಕೆ ಅವರ ಮುಖ ಅಂಟಿಸಿದ್ದಾರೆ. ಆ ಮುಖ ನಾನು ತೆಗೆದ ಮದರಂಗಿಯ ಫೋಟೋದ್ದು. ಯಾರಿಗೂ ಕಳಿಸಬೇಡಿ, 'ಇದು ಸುಳ್ಳು' ಎಂದು ಬರೆದು ಕೂಡ ಕಳಿಸಬೇಡಿ. ಈಗಾಗಲೇ ಕಳಿಸಿದವರು ಅಲ್ಲಿಗೆ ಹೋಗಿ Delete for everyone ಒತ್ತಿ, ಮತ್ತೆ ಅಲ್ಲೇ 'ಅದು ಸುಳ್ಳು ಫೋಟೋ, ಅವರಲ್ಲ' ಎಂದು ಒಂದು ಸಾಲು ಹಾಕಿ. ಗ್ಯಾಲರಿಯಿಂದಲೂ ತೆಗೆಯಿರಿ. ಎಲ್ಲೆಲ್ಲಿಗೆ ಕಳಿಸಿದ್ದೀರಿ ಎಂದು ನನಗೆ ಹೇಳಿ, ಬೈಯುವುದಿಲ್ಲ."

ಬಾವನ ಹೆಸರು ಎಲ್ಲಿದೆ ಇದರಲ್ಲಿ? ಹುಡುಕಿ ಕೊಟ್ಟವರಿಗೆ ಗಡ್‌ಬಡ್ ತೆಗೆದುಕೊಡುತ್ತೇನೆ.

ಮೊದಲ ಕರಡಿನಲ್ಲಿ ಬಾವನೂ ಇದ್ದರು, ಕಾನೂನೂ ಇತ್ತು. "ನಾನು ಮಾಡಿದ್ದಲ್ಲ, ಬಂದದ್ದನ್ನು ಕಳಿಸಿದ್ದು" ಎನ್ನುವವರಿಗೆ ಹೇಳಲಿಕ್ಕೆ 2018ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿದ್ದನ್ನು ಬರೆದಿದ್ದೆ: ಫಾರ್ವರ್ಡ್ ಮಾಡುವುದೆಂದರೆ ಅದನ್ನು ಒಪ್ಪಿಕೊಂಡು ಅನುಮೋದಿಸಿದ ಹಾಗೆ. ಆಮೇಲೆ ತೆಗೆದೆ. ನಮ್ಮ ಮನೆಯಲ್ಲಿ ಕಾನೂನು ಎತ್ತಿದರೆ ಮೂವರು ಬಾವಂದಿರು ವಕೀಲರಾಗಿ, ಸಂಜೆಯವರೆಗೆ ವಾದ ನಡೆದು, ಫೋಟೋ ಮಾತ್ರ ಅಲ್ಲೇ ಉಳಿಯುತ್ತದೆ. ಕೆಲಸ ಮಾಡಿದ್ದು ಕೊನೆಯ ಒಂದು ಶಬ್ದ, "ಬೈಯುವುದಿಲ್ಲ." ಅರ್ಧ ಗಂಟೆಯಲ್ಲಿ ಐದು ಮಂದಿ ಒಬ್ಬೊಬ್ಬರೇ ಮೆಸೇಜ್ ಮಾಡಿದರು. ಓದಲಿಕ್ಕೆ ಬಾರದ ದೊಡ್ಡಮ್ಮನಿಗೆ ಅದನ್ನೇ ತುಳುವಿನಲ್ಲಿ ವಾಯ್ಸ್ ಕಳಿಸಿದೆ. ಅವರೂ ಭಜನಾ ಮಂಡಳಿಯ ಗ್ರೂಪಿಗೆ ಕಳಿಸಿದ್ದರು.

ಅವಸರ ಮಾಡಿದ್ದಕ್ಕೂ ಕಾರಣ ಇತ್ತು. ಎಲ್ಲರಿಂದ ಅಳಿಸುವ ಅವಕಾಶ ಇರುವುದು ಸುಮಾರು ಎರಡೂವರೆ ದಿನ, ಆಮೇಲೆ ಆ ಆಯ್ಕೆಯೇ ಕಾಣುವುದಿಲ್ಲ. ಮತ್ತೆ, ನಮಗೆ ಬಂದಾಗ ಫೋಟೋದ ಮೇಲೆ ಇದ್ದದ್ದು ಒಂದೇ ಬಾಣ. ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದಕ್ಕೆ ಜೋಡಿ ಬಾಣ ಬರುತ್ತದೆ. ಒಂದೇ ಬಾಣ ಎಂದರೆ ಹೆಚ್ಚು ದೂರ ಹೋಗಿಲ್ಲ ಎಂದು ಆಸೆ ಇಟ್ಟುಕೊಳ್ಳಬಹುದು, ಅಷ್ಟೇ. ಫೋನಿಗೆ ಇಳಿಸಿಕೊಂಡು ಹೊಸದಾಗಿ ಕಳಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ. ಒಂದೇ ಬಾಣ ಎಂದರೆ ಇದು ಶುರುವಾದದ್ದು ನಮ್ಮ ಹತ್ತಿರದಲ್ಲೇ ಎಂದೂ ಆಗಬಹುದು. ಆ ಯೋಚನೆಯನ್ನು ನಾನು ಮುಂದುವರಿಸಲಿಲ್ಲ. ಬಾವನಿಗೆ ಯಾರು ಕಳಿಸಿದ್ದು ಎಂದು ಕೇಳಿದ್ದಕ್ಕೆ ಅವರು ಇವತ್ತಿನವರೆಗೆ ಹೇಳಿಲ್ಲ.

ಇಷ್ಟೆಲ್ಲ ಕೇಳುವವರು ಒಂದು ಮಾತ್ರ ಕೇಳಿಲ್ಲ: ಅಕ್ಕನಿಗೆ ಹೇಳಿದ್ದು ಯಾರು?

ನಾನೇ. ಗ್ರೂಪಿಗೆ ಬರೆಯುವ ಮೊದಲು, ಅವರನ್ನು ಕೇಳದೆ ಅವರ ವಿಷಯ ಬರೆಯಬಾರದು ಎಂದು ಹೋದೆ. ಹಿತ್ತಲಲ್ಲಿ ಬೂತಾಯಿ ಮೀನು ಶುಚಿ ಮಾಡುತ್ತಿದ್ದರು. ಕೈ ಒದ್ದೆ, ಹಾಗಾಗಿ ಫೋನನ್ನು ನಾನೇ ಹಿಡಿದೆ. ಬಗ್ಗಿ ನೋಡಿದರು. ಮೊದಲು ಹೇಳಿದ್ದು, "ಈ ಸೀರೆ ನನ್ನದಲ್ಲ." ಮತ್ತೆ ಸ್ವಲ್ಪ ಹೊತ್ತು ಬೆಕ್ಕನ್ನು ಓಡಿಸಿದರು. ಆಮೇಲೆ, "ಇದು ನೀನು ತೆಗೆದ ಫೋಟೋ ಅಲ್ವಾ, ಮದರಂಗಿಯದ್ದು?" ಹೌದು ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಪಾಂಡೇಶ್ವರಕ್ಕೆ ಹೋಗಿ ಪೊಲೀಸರಿಗೆ ಕೊಡುವ, ಇಲ್ಲ ಮನೆಯಲ್ಲೇ ಕೂತು cybercrime.gov.in ಗೆ ಹಾಕುವ, ನಾನು ಬರೆದು ಕೊಡ್ತೇನೆ ಎಂದೆ. "ಮಗಳ ಗಂಡನ ಮನೆಯವರಿಗೆ ಗೊತ್ತಾಗುವುದು ಬೇಡ" ಎಂದರು. ಸ್ಕ್ರೀನ್‌ಶಾಟುಗಳನ್ನು ಅವರ ಫೋನಿಗೆ ಕಳಿಸಿ ನನ್ನದರಿಂದ ಅಳಿಸಿದೆ. "ನನ್ನ ಹೆಸರು ಹಾಕಬೇಡ, ಅಕ್ಕ ಅಂತ ಬರೆ, ಅವರಿಗೆ ಗೊತ್ತಾಗ್ತದೆ" ಎಂದು ಮೆಸೇಜಿನ ಮೊದಲ ಸಾಲನ್ನು ತಿದ್ದಿದ್ದೂ ಅವರೇ.

ಈಗ ಅವರ ಡಿಪಿ ಒಂದು ದಾಸವಾಳ. ಹಂಪನಕಟ್ಟೆಗೆ ಹೋಗಬೇಕಿದ್ದರೆ ರಿಕ್ಷಾ ಮಾಡುತ್ತಾರೆ. ಬಸ್ಸಲ್ಲಿ ಯಾರಾದರೂ ನೋಡಿದರೆ ಬ್ಯಾಗು ಎದೆಗೆ ಒತ್ತಿ ಹಿಡಿದುಕೊಳ್ಳುತ್ತಾರೋ ಎಂದು ಅನಿಸುತ್ತದಂತೆ. ಅವರು ಹಾಗೆ ಹೇಳಿದ್ದು ಒಂದೇ ಸಲ, ಮಾತಿನ ನಡುವೆ.

ಬಾವ ಸಾರಿ ಹೇಳಿದ್ದಾರೆ, ಅದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಅದಕ್ಕೊಂದು ಫೋನ್ ಬರುತ್ತದೆ. ಗ್ರೂಪಲ್ಲಿ ಎರಡು ಕೈಮುಗಿದ ಇಮೋಜಿ ಹಾಕಿದರು, ಹನ್ನೊಂದು ಮಂದಿ ಅದಕ್ಕೆ ಹಾರ್ಟ್ ಒತ್ತಿದರು. ಅಕ್ಕ ಆ ಗ್ರೂಪಲ್ಲಿ ಇಲ್ಲ. ಬಾವನ ಮನೆಯಿಂದ ಅವರ ಗೇಟಿಗೆ ನಡೆದರೆ ಆರು ನಿಮಿಷ.