ಬೇಡ ಅನ್ನೋದಕ್ಕೆ ನಾಲ್ಕು ದಿನ

18 ನವೆಂಬರ್ 2025, ಮಂಗಳವಾರ
ಮೂಡಿಗೆರೆ

ಆ ಮೇಲ್‌ಗೆ ಇವತ್ತು ಕೊನೆಗೂ ಉತ್ತರ ಕಳಿಸಿದೆ. ಶುಕ್ರವಾರ ಬಂದಿತ್ತು. ಪ್ರಚಾರ ಮಾಡಿಸಿಕೊಡುವ ಏಜೆನ್ಸಿಯ ಹುಡುಗಿಯೊಬ್ಬಳು ಬರೆದಿದ್ದಳು. ಒಂದು ಕಂಪನಿಯ ಟಾನಿಕ್ ಬಗ್ಗೆ ನನ್ನ ಕಾಫಿ ಚಾನೆಲ್‌ನಲ್ಲಿ ಒಂದು ನಿಮಿಷ ಮಾತಾಡಬೇಕು, ನಲವತ್ತು ಸಾವಿರ ಕೊಡುತ್ತಾರೆ. ಕೊಯ್ಲು ಶುರುವಾಗುವ ಹೊತ್ತಿಗೆ ಆಳುಗಳ ಬಟವಾಡೆಗೆ ಸರಿಯಾಗಿ ಒದಗುವ ದುಡ್ಡು. ಆಸೆ ಆಗಲಿಲ್ಲ ಅಂದರೆ ಸುಳ್ಳು.

ಹೇಳಬೇಕಾದ ಮಾತನ್ನೂ ಅವರೇ ಬರೆದು ಕಳಿಸಿದ್ದರು: ‘ನಮ್ಮ ತೋಟದಲ್ಲೇ ಬುಡಕ್ಕೆ ಮೂರು ಸಲ ಹಾಕಿದೆ, ಬೋರರ್ ಪೂರ್ತಿ ಹೋಯ್ತು.’ ನಾನು ಬಾಟಲಿಯ ಮುಚ್ಚಳವನ್ನೂ ಮುಟ್ಟಿಲ್ಲ. ಜೊತೆಗೆ, ಇದು ದುಡ್ಡು ಪಡೆದ ವಿಡಿಯೋ ಅಂತ ತೆರೆಯ ಮೇಲೆ ತೋರಿಸಬಾರದಂತೆ.

ಬೋರರ್ ಅಂದರೆ ಅರೇಬಿಕಾ ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳ. ದುಂಬಿ ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಕಾಂಡದೊಳಗೆ ಹೋಗಿ, ಕೊರೆದ ದಾರಿಯನ್ನು ತನ್ನದೇ ಹೊಟ್ಟಿನಿಂದ ಗಟ್ಟಿಯಾಗಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಅಲ್ಲಿಗೆ ಔಷಧಿ ಮುಟ್ಟುವುದು ಕಷ್ಟ. ಕಾಂಡದ ಮೇಲೆ ಏಣು ಎದ್ದ ಗಿಡಗಳನ್ನು ಹುಡುಕಿ, ಕಿತ್ತು ಸುಡುವುದೇ ನಾವೆಲ್ಲ ಮಾಡುತ್ತಾ ಬಂದಿದ್ದು. ಟಾನಿಕ್ ನಂಬಿದವರು ಈ ಹುಡುಕುವ ಕೆಲಸ ಬಿಟ್ಟರೆ ಆ ಗಿಡ ಅಲ್ಲೇ ನಿಲ್ಲುತ್ತದೆ. ಏಪ್ರಿಲ್ ಸುಮಾರಿಗೆ ಅದರಿಂದ ಹೊರಬಂದ ದುಂಬಿ ಪಕ್ಕದವರ ತೋಟಕ್ಕೂ ಹೋಗುತ್ತದೆ. ನನ್ನ ವಿಡಿಯೋ ನೋಡುವವರಲ್ಲಿ ಜಾಸ್ತಿ ಜನ ಎರಡು, ಮೂರು ಎಕರೆಯವರು.

ಲೇಬಲ್‌ನ ಫೋಟೋ ಕೇಳಿ ತರಿಸಿಕೊಂಡೆ. ‘ಬೆಳವಣಿಗೆಗೆ ಸಹಾಯಕ’ ಅಂತಷ್ಟೇ ಇತ್ತು. ಹುಳ ಸಾಯಿಸುತ್ತದೆ ಅಂತ ಮಾರುವ ಔಷಧಿಗೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಇರಬೇಕು. ಆ ಸಂಖ್ಯೆ ಎಲ್ಲೂ ಇಲ್ಲ. ಅಂದರೆ ಲೇಬಲ್ ಹೇಳದ ಮಾತನ್ನು ನನ್ನ ಬಾಯಲ್ಲಿ ಹೇಳಿಸುತ್ತಿದ್ದಾರೆ, ಅಲ್ವಾ? ದಾರಿ ತಪ್ಪಿಸುವ ಜಾಹೀರಾತಿಗೆ ದನಿ ಕೊಟ್ಟವರಿಗೂ 2019ರ ಗ್ರಾಹಕರ ಕಾಯ್ದೆಯಲ್ಲಿ ಹತ್ತು ಲಕ್ಷದವರೆಗೆ ದಂಡವಿದೆ.

ಬೇಡ ಅನ್ನುವುದು ಶನಿವಾರವೇ ಗೊತ್ತಾಗಿತ್ತು. ಹೇಗೆ ಬರೆಯುವುದು ಅನ್ನುವುದರಲ್ಲೇ ದಿನ ಹೋಯಿತು.

ಮೊದಲು ಒಂದೂವರೆ ಪುಟ ಬೈದು ಬರೆದೆ. ನಿಮ್ಮದು ಮೋಸ ಅಂತೆಲ್ಲ. ಆದರೆ ಟಾನಿಕ್ಕನ್ನು ನಾನೇನು ಪರೀಕ್ಷೆ ಮಾಡಿಸಿದ್ದೇನಾ? ಬರೆದ ಮಾತು ನಾಳೆ ಯಾರ ಫೋನಿಗೆ ಹೋಗುತ್ತದೋ. ಅಳಿಸಿದೆ. ಆಮೇಲೆ ‘ಈಗ ಕೊಯ್ಲು, ಪುರುಸೊತ್ತಿಲ್ಲ’ ಅಂತ ಬರೆದೆ. ಹೋದ ವರ್ಷ ಪ್ರಚಾರ ಕೇಳಿದ್ದ ಒಂದು ಸಾಲದ ಆ್ಯಪ್‌ನವರಿಗೆ ಹೀಗೇ ಹೇಳಿ, ಫೆಬ್ರವರಿಯಿಂದ ಮೂರು ಸಲ ನೆನಪೋಲೆ ಬಂದಿತ್ತು. ಅದನ್ನೂ ಅಳಿಸಿದೆ. ಮೂರನೆಯ ಸಲ ‘ನಾನು ಬಳಸಿ ನೋಡಿಲ್ಲ’ ಎಂಬ ಕಾರಣ ಕೊಟ್ಟೆ. ನಮ್ಮನೆಯವಳು ಓದಿ ನಕ್ಕಳು. “ನಾಳೆ ಒಂದು ಬಾಕ್ಸ್ ಸುಮ್ನೆ ಕಳಿಸ್ತಾರೆ, ಆಗ ಏನು ಹೇಳ್ತೀರಿ?” ಹೌದಲ್ಲ. ಅವರು ಸರಿಪಡಿಸಬಹುದಾದ ಕಾರಣ ಕೊಟ್ಟರೆ ಮಾತುಕತೆ ಮುಗಿಯುವುದೇ ಇಲ್ಲ.

ಕೊನೆಗೆ ಹೋಗಿದ್ದು ಇದು, ಅವಳು ಬರೆದ ಮೇಲ್‌ಗೇ ಉತ್ತರವಾಗಿ:

‘ನಮಸ್ಕಾರ ಮೇಡಂ. ಚಾನೆಲ್ ನೋಡಿ ಬರೆದಿದ್ದಕ್ಕೆ, ಲೇಬಲ್ ಕಳಿಸಿದ್ದಕ್ಕೆ ಧನ್ಯವಾದ. ಈ ಪ್ರಚಾರವನ್ನು ನಾನು ಒಪ್ಪಿಕೊಳ್ಳುತ್ತಿಲ್ಲ. ಬೋರರ್‌ಗೆ ಪರಿಹಾರ ಎಂದು ಹೇಳುವ ಉತ್ಪನ್ನಗಳ ಪ್ರಚಾರವನ್ನು, ಯಾವ ಕಂಪನಿಯದ್ದಾದರೂ, ನಮ್ಮ ಚಾನೆಲ್‌ನಲ್ಲಿ ಮಾಡುವುದಿಲ್ಲ. ಹಣ ಪಡೆದ ವಿಡಿಯೋ ಆದರೆ ಅದನ್ನು ತೆರೆಯ ಮೇಲೆ ತೋರಿಸಿಯೇ ಹಾಕುತ್ತೇನೆ. ಹಾಗಾಗಿ ಮೊತ್ತ ಬದಲಾದರೂ ಉತ್ತರ ಇದೇ. ಕಣಕ್ಕೆ ಹಾಸುವ ಟಾರ್ಪಾಲು, ಕಸಿ ಗರಗಸದಂಥ ಸಾಮಾನಿನ ಪ್ರಚಾರ ಇದ್ದರೆ ದಯವಿಟ್ಟು ಬರೆಯಿರಿ.’

ಕೊನೆಯ ಸಾಲು ಉಪಚಾರಕ್ಕಲ್ಲ. ಟಾರ್ಪಾಲು ನಿಜವಾಗಿಯೂ ಬೇಕು. ಟಾನಿಕ್ ಅವಳದ್ದಲ್ಲ, ಅವಳು ಮಾಡುತ್ತಿರುವುದು ಅವಳ ಕೆಲಸ. ಅದಕ್ಕೇ ಅವಳ ಮೇಲೆ ಸಿಟ್ಟು ತೋರಿಸಲಿಲ್ಲ.

ಮಧ್ಯಾಹ್ನ ಉತ್ತರ ಬಂತು: “ಸರ್, ಅರವತ್ತು ಮಾಡಿಸಿ ಕೊಡ್ತೀನಿ.” ‘ಧನ್ಯವಾದ ಮೇಡಂ, ಬೆಳಿಗ್ಗೆ ಬರೆದದ್ದೇ ನನ್ನ ಉತ್ತರ’ ಅಂತ ಒಂದು ಸಾಲು ಕಳಿಸಿದೆ. ಸಂಜೆ ಮತ್ತೊಂದು ಬಂತು. ಅವರಪ್ಪನಿಗೂ ಸಕಲೇಶಪುರದ ಹತ್ತಿರ ಎರಡು ಎಕರೆ ಅರೇಬಿಕಾ ಇದೆಯಂತೆ. ಏಣು ಎದ್ದ ಕಾಂಡದ ಫೋಟೋ ಒಂದಿದ್ದರೆ ಕಳಿಸಿ ಸರ್, ಅಪ್ಪನಿಗೆ ತೋರಿಸಬೇಕು ಅಂದಿದ್ದಾಳೆ.

ನಾಳೆ ಬೆಳಕು ಬಂದ ಮೇಲೆ ತೆಗೆದು ಕಳಿಸಬೇಕು.