ಪೈಪೋಟಿ ಕಂಪನಿಯ ಮೇಡಂ ಹತ್ತಿರ ಇಪ್ಪತ್ತು ನಿಮಿಷ

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ, ಅಂದರೆ ತೋಟದಿಂದ ಬಂದ ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯ ಲ್ಯಾಬ್‌ನಲ್ಲಿದ್ದೇನೆ. ತೇವಾಂಶ ನೋಡುವುದು, ಔಟ್‌ಟರ್ನ್, ಅಂದರೆ ಬಂದ ಕಾಫಿಯಲ್ಲಿ ಸಿಪ್ಪೆ ಹೋಗಿ ಎಷ್ಟು ಬೀಜ ಸಿಗುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಮುಂದೆ ಕಪ್ಪಿಂಗ್ ಕಡೆ, ಅಂದರೆ ರುಚಿ ನೋಡಿ ಕಾಫಿಗೆ ಅಂಕ ಕೊಡುವ ಕಡೆ ಹೋಗುವ ಆಸೆ. ಆ ದಾರಿಯಲ್ಲಿ ಬಂದ ಮೇಡಂ ಒಬ್ಬರು ಊರಲ್ಲೇ ಇದ್ದರು. ಆದರೆ ಅವರು ನಮ್ಮ ಪೈಪೋಟಿ ಕಂಪನಿಯ ಕ್ವಾಲಿಟಿ ಹೆಡ್!

ಎರಡೂ ಕಡೆಗೆ ಕಾಫಿ ಬರುವುದು ಅವೇ ತೋಟಗಳಿಂದ. ಸುಮ್ನೆ ಫೋನ್ ಮಾಡಿದರೆ ಗುಟ್ಟು ಕೆದಕೋಕೆ ಬಂದಿದ್ದಾನೆ ಅಂದುಕೊಳ್ಳುತ್ತಾರೆ, ಅಲ್ವಾ? ಜನವರಿಯಲ್ಲಂತೂ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇನ್ನೂ ತೆಗೆಯದ ಒಣ ಕಾಫಿ, ಲೋಡ್ ಮೇಲೆ ಲೋಡ್ ಬರುತ್ತಿರುತ್ತದೆ, ಅವರಿಗೆ ಉಸಿರಾಡೋಕೂ ಬಿಡುವಿರುವುದಿಲ್ಲ. ಮಳೆ ಹಿಡಿಯುವವರೆಗೆ ಕಾದೆ. ಮೊದಲು ಅವರ ಕೈಕೆಳಗೆ ಕೆಲಸ ಮಾಡಿದ್ದ ಗೆಳೆಯನಿಂದ ಕೇಳಿಸಿ, ನಂಬರ್ ಕೊಡಬಹುದು ಅಂತ ಮೇಡಂ ಅಂದ ಮೇಲೇ ವಾಟ್ಸಾಪ್ ಮಾಡಿದೆ:

"ನಮಸ್ಕಾರ ಮೇಡಂ. ನಾನು ಬಿಎಸ್ಸಿ ಮುಗಿಸಿ ಕ್ಯೂರಿಂಗ್ ಲ್ಯಾಬ್‌ನಲ್ಲಿದ್ದೇನೆ. ನೀವು ಲ್ಯಾಬ್‌ನಿಂದ ಕಪ್ಪಿಂಗ್‌ಗೆ ಹೋದದ್ದು ಹೇಗೆ, ಕಾಫಿ ಬೋರ್ಡ್ ಡಿಪ್ಲೊಮಾ ಯಾವಾಗ ಮಾಡಬೇಕು ಅಂತ ಕೇಳಬೇಕಿತ್ತು. ಇಪ್ಪತ್ತು ನಿಮಿಷ ಸಾಕು, ಫೋನಲ್ಲೇ ಆದರೂ ಸರಿ. ಬೆಲೆ, ಖರೀದಿದಾರರು, ತೋಟಗಳ ವಿಷಯ ಏನೂ ಕೇಳುವುದಿಲ್ಲ. ಬುಧವಾರ ಅಥವಾ ಶುಕ್ರವಾರ ಸಂಜೆ ಐದರ ಮೇಲೆ ಬಿಡುವಿದೆಯೇ?"

ರೆಸ್ಯೂಮೆನೂ ಕಳಿಸು ಅಂದ ಗೆಳೆಯ. ಕಳಿಸಲಿಲ್ಲ. ರೆಸ್ಯೂಮೆ ಕಂಡರೆ ಕೆಲಸ ಕೇಳುತ್ತಿದ್ದಾನೆ ಅಂತಲೇ ಅರ್ಥ. ಆಮೇಲೆ ಅವರು ಎಚ್ಚರಿಕೆಯಿಂದ ಮಾತಾಡುತ್ತಾರೆ.

ಶುಕ್ರವಾರ ಅಂದರು. "ಹೇಗೆ ಬಂದಿರಿ?" ಅಂತ ಕೇಳಿದ್ದಕ್ಕೆ ಡಿಗ್ರಿ, ಕಂಪನಿ, ಹುದ್ದೆ ಎಂದು ಎರಡೇ ನಿಮಿಷದಲ್ಲಿ ಮುಗಿಸಿದರು. "ಮೊದಲ ವರ್ಷ ದಿನಾ ಏನು ಮಾಡ್ತಿದ್ರಿ ಮೇಡಂ?" ಅಂದಾಗ ಮಾತು ತೆರೆಯಿತು. ಸ್ಯಾಂಪಲ್ ಹುರಿಯುವುದು, ಲೋಟ ತೊಳೆಯುವುದು, ಹಿರಿಯರು ಅಂಕ ಹೇಳುವ ಮೊದಲೇ ತಮ್ಮ ಅಂಕವನ್ನು ಪುಸ್ತಕದಲ್ಲಿ ಬರೆದಿಡುವುದು. ಆಮೇಲೆ ಎರಡನ್ನೂ ಹೋಲಿಸಿ ನೋಡುತ್ತಿದ್ದರಂತೆ. ಹುಳಿಯಲ್ಲಿ ಯಾವಾಗಲೂ ಜಾಸ್ತಿ ಅಂಕ ಕೊಡುತ್ತಿದ್ದೆ ಅಂತ ಗೊತ್ತಾಗಿದ್ದೇ ಆ ಪುಸ್ತಕದಿಂದ ಅಂದರು.

ಡಿಪ್ಲೊಮಾ ಬಗ್ಗೆ ನಾನು ಯೋಚಿಸದ ಮಾತು ಬಂತು. "ಅದು ಒಂದು ವರ್ಷದ ಕೋರ್ಸು. ಫೀಸ್ ಒಂದೇ ಅಲ್ಲ, ಆ ವರ್ಷದ ಸಂಬಳವೂ ಹೋಗುತ್ತೆ. ಮನೇಲಿ ಲೆಕ್ಕ ಹಾಕಿದ್ದೀರಾ?" ಅವರು ಕೆಲವು ವರ್ಷ ಕೆಲಸ ಮಾಡಿ ಹೋಗಿದ್ದರು. ಕ್ಲಾಸಲ್ಲಿ ಏನು ಕೇಳಬೇಕು ಅಂತ ಅಷ್ಟೊತ್ತಿಗೆ ಗೊತ್ತಿತ್ತಂತೆ. ಆದರೆ ಇದು ಒಬ್ಬರ ದಾರಿ. ಅವರಿಗೆ ಆಗ ಸಂಸಾರದ ಹೊರೆ ಇರಲಿಲ್ಲ, ನನಗಿದೆ.

ಹದಿನೆಂಟನೇ ನಿಮಿಷಕ್ಕೆ "ಟೈಮ್ ಆಯ್ತು ಮೇಡಂ" ಅಂದೆ. ನಕ್ಕು, ಇನ್ನೂ ಸ್ವಲ್ಪ ಮಾತಾಡಿದರು. ಕೊನೆಗೆ, ಸಂಸಾರ ಇಟ್ಟುಕೊಂಡೇ ಡಿಪ್ಲೊಮಾ ಮಾಡಿದವರು ಯಾರಾದರೂ ಇದ್ದಾರಾ ಅಂತ ಕೇಳಿದೆ. ಹಾಸನದವರೊಬ್ಬರ ಹೆಸರು ಹೇಳಿ, "ನಾನೇ ಒಂದು ಮಾತು ಹೇಳಿರ್ತೀನಿ, ಆಮೇಲೆ ಮೆಸೇಜ್ ಮಾಡಿ" ಅಂದರು.